ಜೀರ್ಣೋದ್ಧಾರವೋ ಜೀರ್ಣೋಧ್ದಾರವೋ: ಒತ್ತು ಮಹಾಪ್ರಾಣ ಆಗೋದು ಯಾವಾಗ?

ಗದ್ದೆಮನೆ (ಶಿರಸಿ)

ನಮ್ಮೂರ ದೇವಸ್ಥಾನದ ಆಮಂತ್ರಣ ಪತ್ರಿಕೆಯ ಪ್ರೂಫ್ ನಿನ್ನೆ ಬಂತು. ಸಮಿತಿಯಲ್ಲಿ ಐದು ಜನ ಓದಿದರು, ಐದು ಜನ ಐದು ಥರ ತಿದ್ದಿದರು. ಇದು ಪ್ರೂಫಿನಲ್ಲಿ ಇದ್ದ ಹಾಗೇ:

"ಜೀರ್ಣೋಧ್ದಾರಗೊಂಡ ಗರ್ಭಗುಡಿಯಲ್ಲಿ ಶ್ರೀ ದೇವರ ಅಷ್ಠಬಂಧ ಸಹಿತ ಪುನಃಪ್ರತಿಷ್ಟೆಯು ವಿದ್ಯುಕ್ತವಾಗಿ ನಡೆಯಲಿದೆ. ಸಮಿತಿಯ ಅದ್ಯಕ್ಷರಿಂದ ಅಶ್ವಥ್ಥ ಕಟ್ಟೆಯ ಉಧ್ಘಾಟನೆ. ಮದ್ಯಾನ್ಹ ಮಹಾಪ್ರಸಾದ. ಶ್ರಧ್ಧಾಳುಗಳು ಆಗಮಿಸಬೇಕಾಗಿ ವಿನಂತಿ."

ಎಲ್ಲೋ ತಪ್ಪಿದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಯಾವುದು ಸರಿ ಅಂತ ಕೇಳಿದರೆ "ನೋಡಲಿಕ್ಕೆ ಹೀಗೆ ಇದ್ದರೆ ಚೆಂದ" ಅನ್ನುವುದಕ್ಕಿಂತ ಮುಂದೆ ಯಾರೂ ಹೋಗುವುದಿಲ್ಲ. ಮೇಲಿನ ಅಕ್ಷರದ ಹೊಟ್ಟೆ ಸೀಳಬೇಕೋ, ಒತ್ತಿನ ಹೊಟ್ಟೆ ಸೀಳಬೇಕೋ, ಎರಡನ್ನೂ ಸೀಳಬೇಕೋ? ಪ್ರತಿ ಪದಕ್ಕೂ ನಿಘಂಟು ತೆಗೆಯದೆ ತಿಳಿಯುವ ದಾರಿ ಇದ್ದರೆ ಹೇಳಿ. ನಾಡಿದ್ದು ಅಚ್ಚಿಗೆ ಕೊಡಬೇಕು.

ಕಡಲತಡಿ (ಹೊನ್ನಾವರ)

ಬಾಯಿ ಬಿಟ್ಟು ಗಟ್ಟಿಯಾಗಿ ಹೇಳಿ ನೋಡಿ, ಅಷ್ಟೇ ಸಾಕು. ನಮ್ಮ ಕಡೆ ತಾಳಮದ್ದಳೆಯಲ್ಲಿ ಹಳೇ ಅರ್ಥಧಾರಿಗಳು ಯುದ್ಧ, ಕ್ರೋಧ, ಭೀಷ್ಮ ಅಂದರೆ ಕೊನೇ ಸಾಲಿನಲ್ಲಿ ಕೂತವನಿಗೂ ಉಸಿರು ಕೇಳಿಸುತ್ತದೆ. ಕನ್ನಡ ಅಂದರೆ ಹೇಳಿದ್ದನ್ನೇ ಬರೆಯುವ ಭಾಷೆ. ಈಗಿನವರಿಗೆ ಉಚ್ಚಾರ ಹೋಯಿತು, ಅದಕ್ಕೇ ಬರವಣಿಗೆಯೂ ಹೋಯಿತು. ಸರಿಯಾಗಿ ಹೇಳಿದರೆ ಸರಿಯಾಗಿ ಬರೆಯಬಹುದು.

ಕಾಳಿತೀರ (ಕಾರವಾರ)

ಇದಕ್ಕೆ ಅಷ್ಟೆಲ್ಲ ಬೇಡ, ಸುಲಭ ಉಪಾಯ ಇದೆ. ಸಂಸ್ಕೃತದ ಪದವಾದರೆ ಒತ್ತು ಮಹಾಪ್ರಾಣ, ಕನ್ನಡದ ಪದವಾದರೆ ಅಲ್ಪಪ್ರಾಣ. ಇದ್ದ, ಬಿದ್ದ, ಗದ್ದೆ, ಮುದ್ದು ಎಲ್ಲಾ ನಮ್ಮವು, ಅದಕ್ಕೇ ದ್ದ. ಬುದ್ಧಿ, ಶುದ್ಧ, ಯುದ್ಧ ಸಂಸ್ಕೃತದವು, ಅದಕ್ಕೇ ದ್ಧ. ನಾನು ಶಾಲೆಯಿಂದ ಇವತ್ತಿನವರೆಗೆ ಇದನ್ನೇ ಹಿಡಿದುಕೊಂಡು ಬರೆಯುತ್ತೇನೆ.

ಇನ್ನೊಂದು ಮಾತು. ನಮ್ಮ ಮನೆಮಾತು ಕೊಂಕಣಿ. ನಮಗೆ ಘರ, ಧಾ ಅಂತ ಉಸಿರು ಹಾಕಿ ಹೇಳುವುದು ಚಿಕ್ಕಂದಿನಿಂದಲೇ ರೂಢಿ, ಆದ್ದರಿಂದ ಕಾರವಾರದ ಮಕ್ಕಳಿಗೆ ಮಹಾಪ್ರಾಣ ಕಷ್ಟ ಆಗಬಾರದು.

ನಿವೃತ್ತ ಅಕ್ಕೋರು (ಸಿದ್ದಾಪುರ)

ಕಾಳಿತೀರ ಅವರೇ, ನಿಮ್ಮ ಮಾತು ಅರ್ಧ ಸರಿ. ಅಚ್ಚ ಕನ್ನಡ ಪದದಲ್ಲಿ ಮಹಾಪ್ರಾಣದ ಒತ್ತು ಬರುವುದಿಲ್ಲ ಅನ್ನುವುದು ನಂಬಬಹುದಾದ ಮಾತು. ಆದರೆ ಸಂಸ್ಕೃತದ್ದೆಲ್ಲ ಮಹಾಪ್ರಾಣ ಅಂದುಕೊಂಡರೆ ಉದ್ದೇಶ ಹೋಗಿ ಉದ್ಧೇಶ ಆಗುತ್ತದೆ, ಉಚ್ಚಾರ ಹೋಗಿ ಉಚ್ಛಾರ ಆಗುತ್ತದೆ, ಶಬ್ದ ಹೋಗಿ ಶಬ್ಧ ಆಗುತ್ತದೆ. ಈ ಮೂರೂ ಸಂಸ್ಕೃತದ ಪದಗಳೇ, ಮೂರರಲ್ಲೂ ಮಹಾಪ್ರಾಣ ಇಲ್ಲ. ಉಚ್ಚ ನ್ಯಾಯಾಲಯವನ್ನು ಉಚ್ಛ ನ್ಯಾಯಾಲಯ ಅಂತ ಬರೆದದ್ದು ನೀವೂ ನೋಡಿರುತ್ತೀರಿ. ಗೊತ್ತಿಲ್ಲದೆ ಮಹಾಪ್ರಾಣ ಬಿಡುವವರಷ್ಟೇ ಜನ, ಶುದ್ಧವಾಗಿ ಬರೆಯಬೇಕು ಅಂತ ಹೋಗಿ ಇಲ್ಲದ ಕಡೆ ಹಾಕುವವರೂ ಇದ್ದಾರೆ.

ಗದ್ದೆಮನೆಯವರು ಕೇಳಿದ್ದರಲ್ಲಿ ಎರಡು ಬೇರೆ ಪ್ರಶ್ನೆಗಳಿವೆ. ಮಹಾಪ್ರಾಣ ಮೇಲೆ ಬರಬೇಕೋ ಕೆಳಗೋ ಅನ್ನುವುದು ಒಂದು. ಮಹಾಪ್ರಾಣ ಇದೆಯೋ ಇಲ್ಲವೋ ಅನ್ನುವುದು ಇನ್ನೊಂದು. ಮೊದಲನೆಯದು ಬಹಳ ಸುಲಭ, ಒಮ್ಮೆ ಹಿಡಿದರೆ ಮತ್ತೆ ಬಿಡುವುದಿಲ್ಲ.

ಅಂಗೈಯನ್ನು ಬಾಯಿಯ ಮುಂದೆ ಹಿಡಿದು ನಿಧಾನಕ್ಕೆ ಬುದ್ಧಿ ಅಂತ ಹೇಳಿ. ನಾಲಿಗೆ ಹಲ್ಲಿಗೆ ತಾಗಿ ಒಂದು ಗಳಿಗೆ ಅಲ್ಲೇ ನಿಲ್ಲುತ್ತದೆ. ಅದು ಮೊದಲಿನ ದ್. ಆಗ ಗಾಳಿ ಹೊರಗೆ ಬರಲಿಕ್ಕೆ ದಾರಿಯೇ ಇಲ್ಲ. ನಾಲಿಗೆ ಬಿಟ್ಟಾಗ ಉಸಿರು ಅಂಗೈಗೆ ತಾಗುತ್ತದೆ. ಅದು ಧಿ. ಅಂದರೆ ಬಾಯಿ ಮುಚ್ಚಿಸುವ ಎರಡು ಅಕ್ಷರ ಒಟ್ಟಿಗೆ ಬಂದರೆ ಮೊದಲನೆಯದಕ್ಕೆ ಉಸಿರು ಹಾಕಲಿಕ್ಕೇ ಆಗುವುದಿಲ್ಲ. ಹಾಗಾಗಿ ಮೇಲಿನದು ಯಾವಾಗಲೂ ಅಲ್ಪಪ್ರಾಣ, ಮಹಾಪ್ರಾಣ ಇದ್ದರೆ ಅದು ಒತ್ತಿನಲ್ಲೇ. ಧ್ಧ, ಧ್ದ, ಥ್ಥ, ಛ್ಛ, ಧ್ಘ ಇವು ಯಾವ ಪದದಲ್ಲೂ ಸರಿ ಆಗುವುದಿಲ್ಲ. ಕಂಡ ಕೂಡಲೇ ತಿದ್ದಿ, ನಿಘಂಟು ಬೇಡ.

ಇದರಿಂದಲೇ ನಿಮ್ಮ ಪ್ರೂಫಿನಲ್ಲಿ ನಾಲ್ಕು ಪದ ಮುಗಿಯಿತು. ಜೀರ್ಣೋದ್ಧಾರ, ಶ್ರದ್ಧಾಳು, ಅಶ್ವತ್ಥ, ಉದ್ಘಾಟನೆ.

ಗದ್ದೆಮನೆ (ಶಿರಸಿ)

ಅಂಗೈ ಹಿಡಿದು ನೋಡಿದೆ ಅಕ್ಕೋರೆ, ನಿಜ. ಆದರೆ ಹಾಗಾದರೆ ಅಧ್ಯಕ್ಷರಲ್ಲಿ ಧ್ಯ ಹೇಗೆ ಬಂತು? ಅಲ್ಲಿ ಮೇಲೆಯೇ ಮಹಾಪ್ರಾಣ ಇದೆಯಲ್ಲ? ನಮ್ಮ ಅಧ್ಯಕ್ಷರೇ ತಮ್ಮ ಹುದ್ದೆಯನ್ನು ಅದ್ಯಕ್ಷ ಅಂತ ತಿದ್ದಿ ಕಳಿಸಿದ್ದಾರೆ.

ನಿವೃತ್ತ ಅಕ್ಕೋರು (ಸಿದ್ದಾಪುರ)

ಒಳ್ಳೇ ಪ್ರಶ್ನೆ. ಯ ಹೇಳುವಾಗ ಬಾಯಿ ಪೂರ್ತಿ ಮುಚ್ಚುವುದಿಲ್ಲ. ಧ್ ಬಿಟ್ಟ ಕೂಡಲೇ ಉಸಿರು ಯ ಮೇಲೆ ಹರಿದು ಹೋಗುತ್ತದೆ. ರ, ವ ಕೂಡ ಹಾಗೇ. ಅದಕ್ಕೇ ಅಧ್ಯಕ್ಷ, ಅಭ್ಯಾಸ, ವಿಖ್ಯಾತ, ಧ್ರುವ, ಧ್ವಜ ಇವುಗಳಲ್ಲಿ ಮೇಲೆ ಮಹಾಪ್ರಾಣ ಬರಬಹುದು. ನ ಒತ್ತಿಗೂ ಅಡ್ಡಿ ಇಲ್ಲ, ಅಲ್ಲಿ ಗಾಳಿ ಮೂಗಿನಿಂದ ಹೋಗುತ್ತದೆ, ವಿಘ್ನ ನೋಡಿ.

ಇಲ್ಲಿ "ಬರಬಹುದು" ಅಂದೆ, "ಬರಲೇಬೇಕು" ಅಂತ ಅಲ್ಲ. ಮಧ್ಯ ಅಂದರೆ ನಡು, ಮದ್ಯ ಅಂದರೆ ಹೆಂಡ. "ಮಧ್ಯಪಾನ ನಿಷೇಧಿಸಲಾಗಿದೆ" ಅಂತ ಫಲಕ ಹಾಕಿದರೆ ಅರ್ಥವೇ ಇಲ್ಲ. ನಿಮ್ಮ ಪ್ರೂಫಿನಲ್ಲಿ ಉಲ್ಟಾ ಆಗಿದೆ: "ಮದ್ಯಾನ್ಹ ಮಹಾಪ್ರಸಾದ". ಅದನ್ನು ಮೊದಲು ತಿದ್ದಿಸಿ.

ವಿದ್ಯುಕ್ತ ಕೂಡ ಹಾಗೇ. ವಿದ್ಯುತ್, ವಿದ್ಯೆ ಇವೆಲ್ಲ ದ್ಯ. ಆದರೆ ವಿಧಿ ಮತ್ತು ಉಕ್ತ ಸೇರಿ ವಿಧ್ಯುಕ್ತ, ವಿಧಿಯಲ್ಲಿ ಹೇಳಿದಂತೆ ಅಂತ. ಧಿಯಲ್ಲಿದ್ದ ಧ ಎಲ್ಲೂ ಹೋಗುವುದಿಲ್ಲ. ಅಧಿ ಇರುವುದರಿಂದ ಅಧ್ಯಕ್ಷ. ನಿಮ್ಮ ಅಧ್ಯಕ್ಷರಿಗೆ ಅಧಿಕಾರ ಅನ್ನುವ ಪದ ತೋರಿಸಿ, ಅದೇ ಅಧಿ ಇದು ಅಂದರೆ ಒಪ್ಪುತ್ತಾರೆ.

ಮಾವಿನಕಟ್ಟೆ (ಕುಮಟಾ)

ಒತ್ತಕ್ಷರದ ವಿಷಯ ಬಂದದ್ದು ಒಳ್ಳೇದಾಯಿತು. ನನಗೂ ಇದೇ ತೊಂದರೆ. ಸೂರ್ಯ ಅಂತ ಬರೆದರೆ ರ್ ಕೊನೆಗೆ ಅರ್ಕಾವೊತ್ತಾಗಿ ಬರುತ್ತದೆ, ಕೆಲವರು ರ ಬರೆದು ಕೆಳಗೆ ಯ ಒತ್ತು ಕೊಡುತ್ತಾರೆ. ಯಾವುದು ಸರಿ? ಮೊಬೈಲಿನಲ್ಲಿ ಒಂದು ಬಂದರೆ ಇನ್ನೊಂದು ಬರುವುದಿಲ್ಲ.

ನಿವೃತ್ತ ಅಕ್ಕೋರು (ಸಿದ್ದಾಪುರ)

ಇಲ್ಲಿ ಕೇಳಿದ್ದು ಅದಲ್ಲ ತಮಾ. ಅವೆರಡೂ ಒಂದೇ ಉಚ್ಚಾರ, ಬರೆಯುವ ರೀತಿ ಮಾತ್ರ ಬೇರೆ. ಎರಡೂ ತಪ್ಪಲ್ಲ. ಅಚ್ಚಿನಲ್ಲಿ ಅರ್ಕಾವೊತ್ತೇ ರೂಢಿ.

ಅಕ್ಷರ ಜೋಡಣೆ (ಕುಮಟಾ)

ನಾನು ಡಿಟಿಪಿ ಕೆಲಸ ಮಾಡುವವನು. ನಮ್ಮ ಕಡೆಯಿಂದ ಹೇಗೆ ತಪ್ಪಾಗುತ್ತದೆ ಅಂತ ಹೇಳುತ್ತೇನೆ. ನುಡಿ ಕೀಲಿಮಣೆಯಲ್ಲಿ ದ, ಧ ಎರಡಕ್ಕೂ ಒಂದೇ ಕೀಲಿ, ಶಿಫ್ಟ್ ಒತ್ತಿದರೆ ಧ. ಒತ್ತು ಕೊಡಲಿಕ್ಕೆ ನಡುವೆ f. ಅಂದರೆ ದ್ಧ ಬರಬೇಕಾದರೆ ಮೊದಲನೇ ಸಾಲಿನ ಹಾಗೆ, ಉಳಿದೆರಡು ತಪ್ಪು:

```
d f D   ದ್ಧ
D f d   ಧ್ದ
D f D   ಧ್ಧ
```

ವೇಗವಾಗಿ ಹೊಡೆಯುವಾಗ ಶಿಫ್ಟ್ ಮೇಲಿನ ಬೆರಳು ಬೇಗ ಹೋದರೆ ಎರಡನೇ ಸಾಲು, ಎರಡು ಸಲವೂ ಒತ್ತಿದರೆ ಮೂರನೇ ಸಾಲು. ನಿಮ್ಮ ಪ್ರೂಫಿನ ಜೀರ್ಣೋಧ್ದಾರ ಎರಡನೇ ಸಾಲಿನದು, ಶ್ರಧ್ಧಾಳು ಮೂರನೆಯದು. ಇನ್ನೊಂದು ಕಾರಣ ಏನೆಂದರೆ, ಕೈಬರಹದಲ್ಲಿ ಕೊಟ್ಟ ಪ್ರತಿಯಲ್ಲಿ ಸೀಳು ಎಲ್ಲಿ ಹಾಕಿದ್ದಾರೆ ಅಂತ ಕಾಣುವುದೇ ಇಲ್ಲ. ಮೇಲಿನ ಅಕ್ಷರಕ್ಕೂ ಒತ್ತಿಗೂ ನಡುವೆ ಒಂದು ಗೆರೆ ಎಳೆದಿರುತ್ತಾರೆ. ಅದು ಯಾರದ್ದು ಅಂತ ನಾವೇ ಊಹಿಸಬೇಕು.

ಪ್ರೂಫ್ ನೋಡುವಾಗ ಅಕ್ಷರ ಸಣ್ಣ ಇದ್ದರೆ ಒತ್ತಿನ ಸೀಳು ತುಂಬಿಹೋಗಿ ದ್ದ, ದ್ಧ ಎರಡೂ ಒಂದೇ ಥರ ಕಾಣುತ್ತವೆ. ಅನುಮಾನ ಬಂದ ಪದಗಳನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿ. ಕಾಗದದ ಮೇಲೆ ನೋಡಿ ಜಗಳ ಆಡಬೇಡಿ. ಥ ಮತ್ತು ಧ ಕೂಡ ಹಾಗೇ, ನಡುವಿನ ಚುಕ್ಕೆ ಮಾಯವಾದರೆ ಅರ್ಥ ಹೋಗಿ ಅರ್ಧ ಆಗುತ್ತದೆ.

ಗದ್ದೆಮನೆ (ಶಿರಸಿ)

ಇದು ಬಹಳ ಉಪಯೋಗ ಆಯಿತು. ಈಗ ಅಕ್ಕೋರ ಎರಡನೇ ಪ್ರಶ್ನೆಗೆ ಬರೋಣ. ಮಹಾಪ್ರಾಣ ಇದ್ದರೆ ಒತ್ತಿನಲ್ಲಿ ಅಂತ ತಿಳಿಯಿತು. ಆದರೆ ಇದೆ ಅಂತ ತಿಳಿಯುವುದು ಹೇಗೆ? ಉದ್ಧಾರದಲ್ಲಿ ಇದೆ, ಉದ್ದೇಶದಲ್ಲಿ ಇಲ್ಲ. ಎರಡೂ ಸಂಸ್ಕೃತ, ಎರಡೂ ಉ ಇಂದಲೇ ಶುರು.

ನಿವೃತ್ತ ಅಕ್ಕೋರು (ಸಿದ್ದಾಪುರ)

ಇದಕ್ಕೆ ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದ ದಾರಿ ಇದು. ಒತ್ತಕ್ಷರ ಇರುವ ಪದಕ್ಕೆ ಒತ್ತಿಲ್ಲದ ನೆಂಟ ಪದ ಹುಡುಕಿ.

ಯುದ್ಧ ಮಾಡುವವನು ಯೋಧ. ಯೋಧನಲ್ಲಿ ಧ ಬರೆಯುವುದರಲ್ಲಿ ಯಾರಿಗೂ ಅನುಮಾನ ಇಲ್ಲ. ಹಾಗಾದರೆ ಯುದ್ಧದಲ್ಲೂ ಧ. ಬೋಧನೆಯಿಂದ ಬುದ್ಧಿ. ಶೋಧಿಸಿದ್ದು ಶುದ್ಧ. ವಿರೋಧ ಇದ್ದರೆ ವಿರುದ್ಧ. ಬಂಧನದಲ್ಲಿ ಇರುವವನು ಬದ್ಧ. ವರ್ಧಿಸಿದರೆ ವೃದ್ಧಿ.

ಬ್ಧ ಇರುವ ಪದಗಳಲ್ಲಿ ನೆಂಟ ಪದದಲ್ಲಿ ಭ ಇರುತ್ತದೆ. ಅಲ್ಲಿ ಮೇಲಿನ ಭ ತನ್ನ ಉಸಿರನ್ನು ಒತ್ತಿಗೆ ದಾಟಿಸಿ ತಾನು ಬ್ ಆಗಿಬಿಡುತ್ತದೆ. ಲಾಭದಿಂದ ಲಬ್ಧ, ಲೋಭದಿಂದ ಲುಬ್ಧ, ಕ್ಷೋಭೆಯಿಂದ ಕ್ಷುಬ್ಧ, ಸ್ತಂಭದ ಹಾಗೆ ನಿಂತದ್ದು ಸ್ತಬ್ಧ, ಆರಂಭ ಆಗಿಹೋದದ್ದು ಪ್ರಾರಬ್ಧ. ಈಗ ಶಬ್ದಕ್ಕೆ ನೆಂಟ ಹುಡುಕಿ. ಭ ಇರುವ ನೆಂಟ ಸಿಗುವುದಿಲ್ಲ. ಆದ್ದರಿಂದ ಶಬ್ದ, ನಿಶ್ಶಬ್ದ, ಎರಡರಲ್ಲೂ ದ. "ಊರೆಲ್ಲ ನಿಶ್ಶಬ್ದ, ಸ್ತಬ್ಧ" ಅಂತ ಬರೆಯುವಾಗ ಒಂದರಲ್ಲಿ ದ, ಒಂದರಲ್ಲಿ ಧ.

ನೆಂಟ ಪದದಲ್ಲಿ ಹ ಇದ್ದರೂ ಇದೇ ಲೆಕ್ಕ. ಮೋಹದಿಂದ ಮುಗ್ಧ, ದಾಹದಿಂದ ದಗ್ಧ, ಸ್ನೇಹದಿಂದ ಸ್ನಿಗ್ಧ, ಸಂದೇಹದಿಂದ ಸಂದಿಗ್ಧ. ಹ ಅಂದರೆ ಬರೀ ಉಸಿರೇ ಅಲ್ವಾ, ಅದು ಹೋಗಿ ಒತ್ತಿನಲ್ಲಿ ಕೂರುತ್ತದೆ.

ಈಗ ನಿಮ್ಮ ಉದ್ಧಾರ. ಉತ್ ಮತ್ತು ಹಾರ, ಮೇಲಕ್ಕೆ ಎತ್ತುವುದು. ಹ ಇದೆ, ಆದ್ದರಿಂದ ದ್ಧ. ಉದ್ದೇಶದಲ್ಲಿ ಉತ್ ಮತ್ತು ದೇಶ, ಅಲ್ಲಿ ಉಸಿರೇ ಇಲ್ಲ. ಪದ್ಧತಿಯೂ ಹೀಗೇ, ಪದ್ ಮತ್ತು ಹತಿ, ಕಾಲು ತುಳಿದು ಆದ ದಾರಿ. ಬಹಳ ಜನ ಪದ್ದತಿ ಅಂತ ಬರೆಯುತ್ತಾರೆ, ಹತಿ ನೆನಪಿದ್ದರೆ ತಪ್ಪುವುದಿಲ್ಲ.

ಕಾಳಿತೀರ (ಕಾರವಾರ)

ಅಕ್ಕೋರೆ, ಯೋಧ ಯುದ್ಧ ಬಹಳ ಚೆನ್ನಾಗಿದೆ, ಒಪ್ಪಿದೆ. ಆದರೆ ನೆಂಟ ಪದ ಗೊತ್ತಿದ್ದವನಿಗೆ ತಾನೇ ಈ ದಾರಿ? ಸ್ನಿಗ್ಧಕ್ಕೆ ಸ್ನೇಹ ನೆಂಟ ಅಂತ ನನಗೆ ಇವತ್ತೇ ತಿಳಿದದ್ದು. ಸಂಸ್ಕೃತ ಓದದ ಹುಡುಗ ಏನು ಮಾಡಬೇಕು?

ನಿವೃತ್ತ ಅಕ್ಕೋರು (ಸಿದ್ದಾಪುರ)

ಅದು ನಿಜ. ಅಂಥ ಪದಗಳನ್ನು ಬಾಯಿಪಾಠವೇ ಮಾಡಬೇಕು, ಬೇರೆ ದಾರಿ ಇಲ್ಲ. ಆದರೆ ದಿನಾ ಬಳಸುವ ಪದಗಳಿಗೆ ನೆಂಟರು ಕನ್ನಡದಲ್ಲೇ ಇದ್ದಾರೆ. ಯೋಧ, ಬೋಧನೆ, ವಿರೋಧ, ಬಂಧನ, ಲಾಭ, ಮೋಹ ಇವನ್ನು ತಿಳಿಯಲಿಕ್ಕೆ ಸಂಸ್ಕೃತ ಓದಬೇಕಿಲ್ಲ.

ಇನ್ನು ಕೊಂಕಣಿಯ ವಿಷಯ. ಘರ, ಧಾ ಅಂತ ಪದದ ಶುರುವಿನಲ್ಲಿ ನಿಮಗೆ ಸಹಾಯ ಆಗುತ್ತದೆ, ಒಪ್ಪುತ್ತೇನೆ. ಆದರೆ ಹಿಂದಿಯವರು ದೂಧ್ ಅನ್ನುವುದನ್ನು ನಿಮ್ಮ ಮನೆಯಲ್ಲಿ ಏನನ್ನುತ್ತೀರಿ?

ಕಾಳಿತೀರ (ಕಾರವಾರ)

ದೂದ್. ಹೌದು, ಕೊನೆಯಲ್ಲಿ ಉಸಿರು ಇಲ್ಲ. ಹಿಂದಿಯ ಹಾಥ್ ಕೂಡ ನಮ್ಮಲ್ಲಿ ಹಾತ್. ಒತ್ತಕ್ಷರ ಬರುವುದು ಪದದ ನಡುವೆ, ಹಾಗಾಗಿ ಕೊಂಕಣಿ ಕಿವಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ ಅಂತಾಯಿತು. ಶುರುವಿನಲ್ಲಿ ಮಾತ್ರ ನಮಗೆ ಅನುಕೂಲ ಅನ್ನುವ ಮಾತು ಬಿಡುವುದಿಲ್ಲ.

ಕಡಲತಡಿ (ಹೊನ್ನಾವರ)

ಇಷ್ಟು ದೊಡ್ಡ ದಾರಿ ಬಳಸುವ ಬದಲು ಉಚ್ಚಾರ ಕಲಿಸಿ ಅನ್ನುವುದು ನನ್ನ ಮಾತು. ಯೋಧ, ಯುದ್ಧ ಎರಡನ್ನೂ ನಮ್ಮ ಭಾಗವತರ ಬಾಯಲ್ಲಿ ಕೇಳಿದವನಿಗೆ ಇದೆಲ್ಲ ಬೇಕಾಗುವುದಿಲ್ಲ.

ನಿವೃತ್ತ ಅಕ್ಕೋರು (ಸಿದ್ದಾಪುರ)

ಕೇಳಿ ಕಲಿಯುವುದು ಒಳ್ಳೇದೇ, ಅದನ್ನು ಬೇಡ ಅನ್ನುವುದಿಲ್ಲ. ಆದರೆ ನೀವು ಬ್ರಹ್ಮ ಅನ್ನುವುದನ್ನು ಹೇಗೆ ಹೇಳುತ್ತೀರಿ? ನಮ್ಮಲ್ಲಿ ಹೆಚ್ಚಿನವರ ಬಾಯಲ್ಲಿ ಬರುವುದು ಬ್ರಮ್ಹ. ಬರೆಯುವಾಗ ಹ ಮೇಲೆ, ಮ ಕೆಳಗೆ. ಮಧ್ಯಾಹ್ನವೂ ಹಾಗೇ, ಚಿಹ್ನೆಯೂ ಹಾಗೇ. ಗದ್ದೆಮನೆಯವರ ಪ್ರೂಫಿನಲ್ಲಿ "ಮದ್ಯಾನ್ಹ" ಅಂತ ಆದದ್ದು ಕಿವಿಗೆ ಕೇಳಿದ ಹಾಗೆ ಬರೆದದ್ದರಿಂದ. ಅಹ್ನ ಅಂದರೆ ಹಗಲು, ಹಗಲಿನ ಮಧ್ಯ ಮಧ್ಯಾಹ್ನ. ಕಿವಿಯನ್ನು ನಂಬಿದರೆ ಯುದ್ಧ ಸರಿ ಬರುತ್ತದೆ, ಮಧ್ಯಾಹ್ನ ತಪ್ಪುತ್ತದೆ.

ಕಡಲತಡಿ (ಹೊನ್ನಾವರ)

ಬ್ರಹ್ಮ ಅಂತಲೇ ಹೇಳುವವರೂ ಇದ್ದಾರೆ ನಮ್ಮ ಮೇಳಗಳಲ್ಲಿ. ಆದರೆ ನೂರಕ್ಕೆ ನೂರು ಜನ ಅಲ್ಲ ಅನ್ನುವುದನ್ನು ಒಪ್ಪುತ್ತೇನೆ.

ಅಂಕೋಲೆಯ ಅಮ್ಮ (ಅಂಕೋಲಾ)

ನನ್ನದು ಬೇರೆ ಗೋಳು. ಮಗಳ ಹೆಸರು ಶ್ರದ್ಧಾ. ಒಂದು ದಾಖಲೆಯಲ್ಲಿ ಶ್ರದ್ದಾ ಅಂತ ಬಂದಿದೆ, ಇನ್ನೊಂದರಲ್ಲಿ ಶ್ರಾದ್ಧ ಅಂತ. ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸುವಾಗ ಆದದ್ದು ಅಂತ ಹೇಳಿದರು. ಎರಡನೆಯದನ್ನು ನೋಡಿ ಅತ್ತೆ ಊಟ ಬಿಟ್ಟಿದ್ದರು. ತಿದ್ದಿಸಲಿಕ್ಕೆ ಹೋದರೆ "ಇಂಗ್ಲಿಷಿನಲ್ಲಿ ಸರಿ ಇದೆಯಲ್ಲ, ಸಾಕು" ಅಂದರು. ಹೆಸರಿನಲ್ಲಿ ಹೇಗೆ ಬರೆದರೂ ನಡೆಯುತ್ತದೆ ಅನ್ನುತ್ತಾರಲ್ಲ, ಅದು ನಿಜವಾ?

ನಿವೃತ್ತ ಅಕ್ಕೋರು (ಸಿದ್ದಾಪುರ)

ಶ್ರದ್ಧಾ ಸರಿ, ಬಿಡಬೇಡಿ. ಅದರಲ್ಲಿ ಇರುವುದು ಶ್ರತ್ ಮತ್ತು ಧಾ, ಧಾ ಅಂದರೆ ಇಡುವುದು. ನಂಬಿಕೆ ಇಡುವುದು. ಶ್ರದ್ಧೆಯಿಂದ ಮಾಡುವ ಪಿತೃಕಾರ್ಯ ಅಂತ ಶ್ರಾದ್ಧ. ಎರಡೂ ಒಂದೇ ಮನೆಯ ಪದಗಳು, ಆದರೆ ಮಗುವಿನ ಹೆಸರಿಗೆ ಎರಡನೆಯದು ಆಗುವುದಿಲ್ಲ. ಇಂಗ್ಲಿಷಿನಲ್ಲಿ ಅ, ಆ ಎರಡಕ್ಕೂ ಒಂದೇ ಅಕ್ಷರ ಬರೆಯುವುದರಿಂದ ಈ ಗೊಂದಲ. ಅರ್ಜಿಯಲ್ಲಿ ಕನ್ನಡದ ಹೆಸರನ್ನು ನೀವೇ ದೊಡ್ಡದಾಗಿ ಬರೆದು ಕೊಡಿ.

ಹೇಗೆ ಬರೆದರೂ ನಡೆಯುತ್ತದೆಯೇ ಅಂದರೆ, ಹೆಸರು ಇಟ್ಟವರದ್ದು. ಸಿದ್ದಪ್ಪ, ಸಿದ್ದಮ್ಮ ಅಂತ ಊರಲ್ಲಿ ದ ಒತ್ತಿನಿಂದಲೇ ಬರೆಯುವ ಹೆಸರುಗಳಿವೆ. ಅದನ್ನು ಸಿದ್ಧಪ್ಪ ಅಂತ ತಿದ್ದಲಿಕ್ಕೆ ನಾವು ಯಾರು? ಸಿದ್ಧ ಕನ್ನಡಕ್ಕೆ ಬಂದು ಸಿದ್ದ ಆಗಿ ನೆಲೆ ನಿಂತಿದೆ.

ಕಾಡಂಚು (ಯಲ್ಲಾಪುರ)

ಹೆಸರಿನ ಮಾತು ಬಂದದ್ದಕ್ಕೆ ಒಂದು ಹೇಳಲೇಬೇಕು. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಜನ ಇದ್ದಾರೆ. ಅದನ್ನು ಎಷ್ಟೋ ಕಡೆ ಸಿದ್ಧಿ ಅಂತ ಬರೆಯುತ್ತಾರೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು, ಆ ಹೆಸರಿಗೂ ಕಾರ್ಯಸಿದ್ಧಿಯ ಸಿದ್ಧಿಗೂ ಸಂಬಂಧ ಇಲ್ಲ. ಸಂಸ್ಕೃತದ ಪದ ಅಂದುಕೊಂಡು ಮಹಾಪ್ರಾಣ ಹಾಕಿ ಒಂದು ಸಮುದಾಯದ ಹೆಸರನ್ನೇ ತಿದ್ದಿಬಿಡುವುದು ಸರಿಯಲ್ಲ.

ಇದನ್ನೇ ನೋಡಿ ನನಗೆ ಅನ್ನಿಸುವುದು, ಮಹಾಪ್ರಾಣವೇ ಕನ್ನಡಕ್ಕೆ ಯಾಕೆ ಬೇಕು? ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಮಹಾಪ್ರಾಣ ಬಿಟ್ಟು ಬರೆಯಬಹುದು ಅಂತ ಹೇಳಿ, ಹಾಗೆಯೇ ಬರೆದು ತೋರಿಸಿದ್ದಾರೆ. ನಾವು ಯಾರೂ ಮಾತಿನಲ್ಲಿ ಹೇಳದ ಉಸಿರನ್ನು ಮಕ್ಕಳು ಯಾಕೆ ಬಾಯಿಪಾಠ ಮಾಡಬೇಕು, ಅದಕ್ಕೆ ಅಂಕ ಯಾಕೆ ಕಳೆಯಬೇಕು?

ನಿವೃತ್ತ ಅಕ್ಕೋರು (ಸಿದ್ದಾಪುರ)

ಸಿದ್ದಿಯ ವಿಷಯದಲ್ಲಿ ನೂರಕ್ಕೆ ನೂರು ನೀವು ಹೇಳಿದ್ದು ಸರಿ. ಎರಡನೆಯದರಲ್ಲಿ ನಾನು ಬೇರೆ. ಮದ್ಯ ಮಧ್ಯ ಇವನ್ನು ಏನು ಮಾಡುತ್ತೀರಿ? ಅಸ್ಥಿ ಅಂದರೆ ಮೂಳೆ, ಅಸ್ತಿತ್ವ ಅಂದರೆ ಇರುವಿಕೆ. ಗುರುತು ಅಳಿಸಿದರೆ ಓದುವವನಿಗೆ ಕೆಲಸ ಜಾಸ್ತಿ.

ಕಾಡಂಚು (ಯಲ್ಲಾಪುರ)

ಸಾಲಿನಲ್ಲಿ ಓದಿದಾಗ ಅರ್ಥ ತಿಳಿಯುತ್ತದೆ ಅಕ್ಕೋರೆ. ಮಾತಿನಲ್ಲಿ ಇಷ್ಟು ದಿನ ತಿಳಿಯುತ್ತಲೇ ಇದೆಯಲ್ಲ. ತಮಿಳಿನಲ್ಲಿ ಮಹಾಪ್ರಾಣಕ್ಕೆ ಬೇರೆ ಅಕ್ಷರವೇ ಇಲ್ಲ, ಅವರು ಓದುವುದಿಲ್ಲವೇ? ಆಮಂತ್ರಣ ಪತ್ರಿಕೆಯನ್ನು ಈಗಿನ ರೂಢಿಯಂತೆ ಬರೆಯಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಾಲ್ಕನೇ ತರಗತಿಯ ಮಗುವಿಗೆ ಕ್ಷುಬ್ಧದ ಧ ತಪ್ಪಿತು ಅಂತ ಕೆಂಪು ಗೆರೆ ಎಳೆಯುವುದು ನನಗೆ ಒಪ್ಪಿಗೆ ಇಲ್ಲ.

ನಿವೃತ್ತ ಅಕ್ಕೋರು (ಸಿದ್ದಾಪುರ)

ನಾಲ್ಕನೇ ತರಗತಿಗೆ ಕ್ಷುಬ್ಧ ಬೇಡವೇ ಬೇಡ, ಅದರಲ್ಲಿ ನಾವಿಬ್ಬರೂ ಒಂದೇ.

ಗದ್ದೆಮನೆ (ಶಿರಸಿ)

ನನಗೆ ಇನ್ನು ಎರಡೇ ಪದ ಉಳಿದಿವೆ, ಅಷ್ಟಬಂಧ ಮತ್ತು ಪ್ರತಿಷ್ಠೆ. ಷ ಕೆಳಗೆ ಟ ಬರಬೇಕೋ ಠ ಬರಬೇಕೋ ಅನ್ನುವುದು. ಇಲ್ಲಿ ನೆಂಟ ಪದದ ದಾರಿ ನಡೆಯುತ್ತದೆಯೇ? ಸಮಿತಿಯಲ್ಲಿ ಇದಕ್ಕೇ ಜಾಸ್ತಿ ಜಗಳ ಆದದ್ದು.

ನಿವೃತ್ತ ಅಕ್ಕೋರು (ಸಿದ್ದಾಪುರ)

ನಡೆಯುತ್ತದೆ. ಇಲ್ಲಿ ನೋಡಬೇಕಾದ ನೆಂಟ ಒಬ್ಬನೇ, ಸ್ಥಾನದ ಸ್ಥ. ನಿಲ್ಲುವುದು, ಇರುವುದು ಅನ್ನುವ ಅರ್ಥ ಇದ್ದರೆ ಥ. ಸಂಸ್ಥೆ, ವ್ಯವಸ್ಥೆ, ಗೃಹಸ್ಥ, ದೇವಸ್ಥಾನ. ಆ ಅರ್ಥ ಇಲ್ಲದಿದ್ದರೆ ಹೆಚ್ಚಾಗಿ ತ. ಪುಸ್ತಕ, ವಿಸ್ತಾರ, ಪ್ರಶಸ್ತಿ, ಹಸ್ತ.

ಈ ಸ್ಥ ಇಕಾರ ಅಥವಾ ಉಕಾರ ಆದ ಮೇಲೆ ಬಂದರೆ ಬಹಳ ಕಡೆ ಷ್ಠ ಆಗುತ್ತದೆ. ನಿ ಮತ್ತು ಸ್ಥ ಸೇರಿ ನಿಷ್ಠೆ. ಪ್ರತಿ ಮತ್ತು ಸ್ಥ ಸೇರಿ ಪ್ರತಿಷ್ಠೆ. ಅನು ಮತ್ತು ಸ್ಥಾನ ಸೇರಿ ಅನುಷ್ಠಾನ. ಯುದ್ಧದಲ್ಲಿ ಸ್ಥಿರವಾಗಿ ನಿಲ್ಲುವವನು ಯುಧಿಷ್ಠಿರ. ದೇವರನ್ನು ನಿಲ್ಲಿಸುವುದೇ ಪ್ರತಿಷ್ಠೆ, ಅದರಲ್ಲಿ ಸ್ಥಾನ ಇದ್ದೇ ಇದೆ.

ಇನ್ನೊಂದು ಗುಂಪು, ಎಲ್ಲಕ್ಕಿಂತ ಹೆಚ್ಚು, ಎಲ್ಲಕ್ಕಿಂತ ಕಡಿಮೆ ಅನ್ನುವ ಅರ್ಥದವು. ಶ್ರೇಷ್ಠ, ಜ್ಯೇಷ್ಠ, ಕನಿಷ್ಠ, ಗರಿಷ್ಠ, ಬಲಿಷ್ಠ. ಇವೆಲ್ಲ ಠ.

ಆಗಿಹೋದದ್ದು, ಹಾಗಾದದ್ದು ಅನ್ನುವ ಅರ್ಥದವು ಟ. ಇಷ್ಟ, ನಷ್ಟ, ದುಷ್ಟ, ಭ್ರಷ್ಟ, ಸ್ಪಷ್ಟ, ವಿಶಿಷ್ಟ, ಸಂತುಷ್ಟ. ಎಲ್ಲರೂ ತಪ್ಪುವುದು ವಿಶಿಷ್ಟ ಮತ್ತು ಅನಿಷ್ಟದಲ್ಲಿ, ಬಲಿಷ್ಠ ಕನಿಷ್ಠಗಳ ಹಾಗೆ ಕೇಳಿಸುವುದರಿಂದ. ಆದರೆ ಅನಿಷ್ಟ ಅಂದರೆ ಇಷ್ಟ ಅಲ್ಲದ್ದು, ಇಷ್ಟದಲ್ಲಿ ಟ ಇದೆ.

ಅಷ್ಟ ಅಂದರೆ ಎಂಟು, ಅದರಲ್ಲಿ ನಿಲ್ಲುವುದೂ ಇಲ್ಲ, ಹೆಚ್ಚು ಕಡಿಮೆಯೂ ಇಲ್ಲ. ಎಂಟು ವಸ್ತು ಸೇರಿಸಿ ಅರೆದ ಪಾಕದಿಂದ ವಿಗ್ರಹವನ್ನು ಪೀಠಕ್ಕೆ ಕೂರಿಸುವುದು ಅಷ್ಟಬಂಧ. ನಿಮ್ಮ ಪ್ರೂಫಿನಲ್ಲಿ ಅಷ್ಟಕ್ಕೆ ಠ ಹೋಗಿದೆ, ಪ್ರತಿಷ್ಠೆಗೆ ಟ ಬಂದಿದೆ. ಎರಡನ್ನೂ ಅದಲುಬದಲು ಮಾಡಿದರೆ ಸರಿಯಾಯಿತು.

ಅಶ್ವತ್ಥದಲ್ಲೂ ಇದೇ ಸ್ಥ ಇದೆ ಅಂತ ಹೇಳುತ್ತಾರೆ. ಉತ್ಥಾನ ದ್ವಾದಶಿಯಲ್ಲಿ ಮಾತ್ರ ಖಂಡಿತ ಇದೆ. ಉತ್ ಮತ್ತು ಸ್ಥಾನ, ದೇವರು ಏಳುವ ದಿನ. ನಡುವಿನ ಸ ಬಿದ್ದುಹೋಗಿ ತ್ಥ ಉಳಿಯಿತು.

ಅಕ್ಷರ ಜೋಡಣೆ (ಕುಮಟಾ)

ಹೊಡೆಯುವವರಿಗೆ: ನುಡಿಯಲ್ಲಿ ಷ್ಟ ಅಂದರೆ `x f q`, ಷ್ಠ ಅಂದರೆ `x f Q`. ಪ್ರೂಫಿನಲ್ಲಿ ಠ ಒತ್ತು ದುಂಡಗೆ ಕಾಣಬೇಕು. ಅಕ್ಕೋರೆ, ಒಂದು ಪದ ನನ್ನನ್ನು ಬಹಳ ಕಾಡಿದೆ. ಶಾಲೆಗಳಿಂದ ಬರುವ ಪ್ರತಿಗಳಲ್ಲಿ ಕೋಷ್ಟಕ ಅಂತಲೂ ಇರುತ್ತದೆ, ಕೋಷ್ಠಕ ಅಂತಲೂ ಇರುತ್ತದೆ. ಯಾವುದು ಹೊಡೆಯಲಿ?

ನಿವೃತ್ತ ಅಕ್ಕೋರು (ಸಿದ್ದಾಪುರ)

ಸಂಸ್ಕೃತದಲ್ಲಿ ಕೋಷ್ಠ. ಆದರೆ ಕನ್ನಡದ ಬಳಕೆಯಲ್ಲಿ ಕೋಷ್ಟಕವೇ ಹೆಚ್ಚು. ನಾನು ಕೋಷ್ಟಕ ಅಂತ ಬರೆದದ್ದನ್ನು ತಪ್ಪು ಅಂತ ಗೆರೆ ಎಳೆದದ್ದಿಲ್ಲ. ಒಂದೇ ಪುಸ್ತಕದಲ್ಲಿ ಎರಡೂ ಬೇಡ, ಅಷ್ಟೇ.

ಇಂಥವು ಇನ್ನೂ ಇವೆ. ಒಂಬತ್ತು ಅಂತಲೇ ಈಗ ಬರೆಯುತ್ತೇವೆ, ಹಳೆಯ ಬರಹಗಳಲ್ಲಿ ಒಂಭತ್ತು ಕೂಡ ಸಿಗುತ್ತದೆ. ಘಂಟೆ ಸಂಸ್ಕೃತದ್ದು, ಗಂಟೆ ಕನ್ನಡದ್ದಾಗಿದೆ. ಗದ್ದೆಮನೆಯವರೇ, ಸಮಯ ಬರೆಯುವಾಗ "ಒಂಬತ್ತು ಗಂಟೆಗೆ" ಅಂತಲೇ ಹಾಕಿ, ಸಾಕು. ಖರ್ಚು, ಖುಷಿ, ಫೋನು ಇಂಥ ಹೊರಗಿನ ಪದಗಳಿಗೆ ನಾನು ಹೇಳಿದ ಯಾವ ಲೆಕ್ಕವೂ ನಡೆಯುವುದಿಲ್ಲ, ಅಲ್ಲಿ ರೂಢಿಯೇ ದಾರಿ.

ಗದ್ದೆಮನೆ (ಶಿರಸಿ)

ಈಗ ತಿದ್ದಿದ್ದು ಹೀಗಿದೆ, ಒಮ್ಮೆ ನೋಡಿ:

"ಜೀರ್ಣೋದ್ಧಾರಗೊಂಡ ಗರ್ಭಗುಡಿಯಲ್ಲಿ ಶ್ರೀ ದೇವರ ಅಷ್ಟಬಂಧ ಸಹಿತ ಪುನಃಪ್ರತಿಷ್ಠೆಯು ವಿಧ್ಯುಕ್ತವಾಗಿ ನಡೆಯಲಿದೆ. ಸಮಿತಿಯ ಅಧ್ಯಕ್ಷರಿಂದ ಅಶ್ವತ್ಥ ಕಟ್ಟೆಯ ಉದ್ಘಾಟನೆ. ಮಧ್ಯಾಹ್ನ ಮಹಾಪ್ರಸಾದ. ಶ್ರದ್ಧಾಳುಗಳು ಆಗಮಿಸಬೇಕಾಗಿ ವಿನಂತಿ."

ಅಧ್ಯಕ್ಷರು ಅಧಿಕಾರ ನೋಡಿ ಒಪ್ಪಿದರು. ಒಂದೇ ಉಳಿದದ್ದು, ವಿಳಾಸದಲ್ಲಿ ತಾಲೂಕಿನ ಹೆಸರು. ದಾನಿಗಳ ಪಟ್ಟಿಯಲ್ಲಿ ಸಿದ್ದಾಪುರದವರು ಬಹಳ ಜನ ಇದ್ದಾರೆ. ನಮ್ಮ ಭಟ್ಟರು "ಸಿದ್ಧರ ಪುರ, ಸಿದ್ಧಾಪುರ ಅಂತಲೇ ಆಗಬೇಕು" ಅನ್ನುತ್ತಿದ್ದಾರೆ. ನೀವು ಆ ಊರಿನವರು.

ನಿವೃತ್ತ ಅಕ್ಕೋರು (ಸಿದ್ದಾಪುರ)

ಪತ್ರಿಕೆ ಸರಿಯಾಗಿದೆ. ಊರಿನ ಹೆಸರು ಬಸ್ಸಿನ ಫಲಕದಲ್ಲಿ, ಕಚೇರಿಯ ಕಾಗದದಲ್ಲಿ ಇರುವುದು ಸಿದ್ದಾಪುರ. ನಾನು ಜೀವಮಾನವಿಡೀ ಹಾಗೆಯೇ ಬರೆದಿದ್ದೇನೆ. ದ ಒತ್ತೇ ಹಾಕಿ.

ಕಡಲತಡಿ (ಹೊನ್ನಾವರ)

ಇದರಲ್ಲಿ ನಾನು ಭಟ್ಟರ ಕಡೆ. ಬುದ್ಧಿಗೆ ಬೋಧನೆ ನೆಂಟ ಅಂದಿರಿ, ಸಿದ್ಧಕ್ಕೆ ಸಾಧನೆ ನೆಂಟ ಅಲ್ವಾ? ಊರಿಗೆ ಬಂದ ಕೂಡಲೇ ಲೆಕ್ಕ ಬಿಟ್ಟಿರಲ್ಲ. ಹಾಗೆ ರೂಢಿ ಅಂತ ಹೋದರೆ ನಮ್ಮ ಅಘನಾಶಿನಿ ಹೊಳೆಯನ್ನು ಅಗನಾಶಿನಿ ಅಂತ ಬರೆಯುವವರನ್ನೂ ಬಿಡಬೇಕಾಗುತ್ತದೆ. ಅಘ ಅಂದರೆ ಪಾಪ, ಅದನ್ನು ತೊಳೆಯುವವಳು. ಘ ಹೋದರೆ ಹೆಸರಿನ ಅರ್ಥವೇ ಹೋಯಿತು.

ಕಾಡಂಚು (ಯಲ್ಲಾಪುರ)

ಅಘನಾಶಿನಿ ಇಡೀ ಸಂಸ್ಕೃತದ ಹೆಸರು, ದಾಖಲೆಯಲ್ಲೂ ಘ ಇದೆ. ಸಿದ್ದಾಪುರ ಜನ ಹೇಳಿ ಹೇಳಿ ಮಾಡಿಕೊಂಡ ಹೆಸರು, ದಾಖಲೆಯಲ್ಲೂ ದ ಇದೆ. ಊರಿನವರು ಬರೆದ ಹಾಗೆ ಬರೆಯಿರಿ.

ಗದ್ದೆಮನೆ (ಶಿರಸಿ)

ಸದ್ಯಕ್ಕೆ ಅಕ್ಕೋರು ಹೇಳಿದಂತೆ ಸಿದ್ದಾಪುರ ಅಂತ ಅಚ್ಚಿಗೆ ಕೊಟ್ಟಿದ್ದೇನೆ. ಭಟ್ಟರು ಇನ್ನೂ ಒಪ್ಪಿಲ್ಲ, ಸಂಜೆ ಮನೆಗೆ ಬರುತ್ತೇನೆ ಅಂದಿದ್ದಾರೆ. ಊರಿನ ಹೆಸರಿಗೆ ಹಳೇ ಕಾಗದಪತ್ರ, ಶಾಸನ ಏನಾದರೂ ಯಾರ ಬಳಿಯಾದರೂ ಇದ್ದರೆ ಇಲ್ಲೇ ಹಾಕಿ.